ಮೇಷ್ಟರ ಅಡ್ವಾನ್ಸು, ಅಜ್ಜಿಯ ಗಣಪ

ಹನುಮಂತನಗರ, ಬೆಂಗಳೂರು

ಪ್ರೀತಿಯ ಪುಟ್ಟಿ,

ನೀನು ಪುಣೆಯ ಬಸ್ಸು ಹತ್ತಿ ನಾಲ್ಕು ದಿನವಾಯಿತು. ಅಜ್ಜಿ ಮಾತ್ರ ಭಾನುವಾರದ ಊಟದ ಜಗಳವನ್ನು ಇನ್ನೂ ಬಿಟ್ಟಿಲ್ಲ. ನಿಮ್ಮಿಬ್ಬರ ಜಗಳದ ಸೊಗಸು ಏನೆಂದರೆ, ಮಾಡಬೇಕಾದ ಕೆಲಸದ ಬಗ್ಗೆ ನಿಮ್ಮಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲ. ಮಹಡಿಯ ಕೋಣೆಯಲ್ಲಿ ಹನ್ನೊಂದು ವರ್ಷ ಇದ್ದ ಮೇಷ್ಟರು ತೀರಿಕೊಂಡರು. ಅವರು ಬಂದಾಗ ಬಾಡಿಗೆ ಆರು ಸಾವಿರ. ಹತ್ತು ತಿಂಗಳದ್ದೆಂದು ಅರವತ್ತು ಸಾವಿರ ಅಡ್ವಾನ್ಸನ್ನು ನಗದಾಗಿ ಕೊಟ್ಟಿದ್ದರು. ಕರಾರು ಪತ್ರವಿಲ್ಲ, ರಸೀದಿಯಿಲ್ಲ. ನಿನ್ನ ಅಪ್ಪನ ಹಳೆಯ ಡೈರಿಯಲ್ಲಿ ಒಂದು ಸಾಲು ಇದೆ, ಅಷ್ಟೆ. ತಿಪಟೂರಿನಿಂದ ಬಂದ ಅವರ ತಂಗಿ ಮಂಚ, ಪುಸ್ತಕಗಳನ್ನು ಸಾಗಿಸಿಕೊಂಡು ಹೋಗುವಾಗ ಅಡ್ವಾನ್ಸಿನ ಮಾತೆತ್ತಲಿಲ್ಲ. ಬದಲಿಗೆ, "ಅಣ್ಣ ಬಾಡಿಗೆ ಏನಾದರೂ ಬಾಕಿ ಉಳಿಸಿದ್ದಾನೆಯೇ?" ಎಂದು ನನ್ನನ್ನೇ ಕೇಳಿದರು.

"ದೇವರು ನೋಡುತ್ತಿರುತ್ತಾನೆ, ಕೊಟ್ಟುಬಿಡಬೇಕು" ಎಂದರು ಅಜ್ಜಿ. "ಯಾವ ದೇವರು ನೋಡದಿದ್ದರೂ ಕೊಡಬೇಕು" ಎಂದೆ ನೀನು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಜ್ಜಿ, "ಹಾಗಾದರೆ ಕೊಡಬೇಕು ಎಂದು ಹೇಳಿದವರು ಯಾರು?" ಎಂದು ಕೇಳಿದರು. "ಯಾರೂ ಹೇಳಬೇಕಾಗಿಲ್ಲ" ಎಂದು ನೀನು ಕೈತೊಳೆಯಲು ಎದ್ದೆ. ಕಾಲೇಜಿನಲ್ಲಿ ಇದನ್ನೇ ವರ್ಷವರ್ಷವೂ ಪಾಠ ಮಾಡಿದ ನಾನು ಸೌಟು ಹಿಡಿದು ಸುಮ್ಮನೆ ನಿಂತಿದ್ದೆ. ಆಗ ಆಡದೆ ಉಳಿದ ಮಾತನ್ನು ಈಗ ಬರೆಯುತ್ತಿದ್ದೇನೆ.

ಅಜ್ಜಿಯ ಪ್ರಶ್ನೆ ಹಳೆಯದು. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಾಧಿಕಾರಿಯ ಕಚೇರಿಯ ಮುಂದೆ ಇಬ್ಬರು ಭೇಟಿಯಾದರೆಂದು ಪ್ಲೇಟೋ ಬರೆಯುತ್ತಾನೆ. ಒಬ್ಬ ಸಾಕ್ರಟೀಸ್. ಅವನ ಮೇಲೆ ದೇವರುಗಳನ್ನು ಒಪ್ಪುವುದಿಲ್ಲ, ಯುವಕರನ್ನು ಕೆಡಿಸುತ್ತಾನೆ ಎಂಬ ದೂರಿತ್ತು. ಇನ್ನೊಬ್ಬ ಯೂಥಿಫ್ರೋ. ತನ್ನ ತಂದೆಯ ಮೇಲೆಯೇ ಕೊಲೆಯ ಮೊಕದ್ದಮೆ ಹೂಡಲು ಬಂದವನು. ಅವರ ಹೊಲದ ಕೂಲಿಯಾಳೊಬ್ಬ ಕುಡಿದ ಮತ್ತಿನಲ್ಲಿ ಮನೆಯ ಗುಲಾಮನೊಬ್ಬನನ್ನು ಕೊಂದಿದ್ದ. ತಂದೆ ಅವನ ಕೈಕಾಲು ಕಟ್ಟಿ ಹಳ್ಳಕ್ಕೆ ಹಾಕಿಸಿ, ಮುಂದೇನು ಮಾಡಬೇಕೆಂದು ಧರ್ಮ ಬಲ್ಲವರನ್ನು ಕೇಳಲು ಅಥೆನ್ಸಿಗೆ ಆಳನ್ನು ಕಳುಹಿಸಿದ. ಉತ್ತರ ಬರುವ ಮೊದಲೇ ಕೂಲಿಯಾಳು ಚಳಿ, ಹಸಿವಿನಿಂದ ಸತ್ತ. ಶಾಸ್ತ್ರದ ಅಪ್ಪಣೆಗಾಗಿ ಕಾಯುತ್ತಾ ಕಣ್ಣೆದುರಿಗಿನ ಜೀವವನ್ನು ಮರೆತ ಆ ತಂದೆಯ ಕಥೆಯಲ್ಲಿಯೇ ಅರ್ಧ ವಾದ ಅಡಗಿದೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಪಾಠ ಮಾಡುವವರು ಸಾಮಾನ್ಯವಾಗಿ ಅದನ್ನು ಹಾರಿಸಿ ಮುಂದೆ ಹೋಗುತ್ತಾರೆ.

ತಂದೆಯ ಮೇಲೆ ದಾವೆ ಹೂಡುವುದು ಧರ್ಮವೆಂದು ಅಷ್ಟು ಖಚಿತವಾಗಿ ಹೇಳುತ್ತೀಯಲ್ಲ, ಧರ್ಮವೆಂದರೇನು ಎಂದು ಸಾಕ್ರಟೀಸ್ ಕೇಳುತ್ತಾನೆ. ದೇವತೆಗಳಿಗೆ ಪ್ರಿಯವಾದದ್ದು ಎನ್ನುತ್ತಾನೆ ಯೂಥಿಫ್ರೋ. ದೇವತೆಗಳೇ ತಮ್ಮೊಳಗೆ ಜಗಳವಾಡುತ್ತಾರಲ್ಲ? ಸರಿ, ಎಲ್ಲ ದೇವತೆಗಳಿಗೂ ಪ್ರಿಯವಾದದ್ದು. ಆಗ ಬರುತ್ತದೆ ಆ ಪ್ರಶ್ನೆ: ಅದು ಧರ್ಮವಾಗಿರುವುದರಿಂದ ದೇವತೆಗಳು ಅದನ್ನು ಮೆಚ್ಚುತ್ತಾರೆಯೋ, ದೇವತೆಗಳು ಮೆಚ್ಚುವುದರಿಂದ ಅದು ಧರ್ಮವಾಗುತ್ತದೆಯೋ?

ಇದನ್ನು ನಮ್ಮ ಅರವತ್ತು ಸಾವಿರಕ್ಕೆ ಹಚ್ಚಿ ನೋಡು. ದೇವರು ಹೇಳಿದ್ದರಿಂದಲೇ ಹಣ ಹಿಂತಿರುಗಿಸುವುದು ಒಳ್ಳೆಯದಾಯಿತು ಎನ್ನೋಣ. ಹಾಗಿದ್ದರೆ ಅವನು ಹೇಳುವ ಮೊದಲು ಹಿಂತಿರುಗಿಸುವುದೂ ನುಂಗುವುದೂ ಸಮ. ಅವನು ಇದನ್ನು ಬಿಟ್ಟು ಅದನ್ನು ಆರಿಸಿದ್ದಕ್ಕೆ ಕಾರಣವೇ ಇರಲಾರದು. ಕಾರಣ ಇತ್ತು ಎಂದ ಕೂಡಲೇ, ಉದಾಹರಣೆಗೆ ತಂಗಿಗೆ ಅನ್ಯಾಯವಾಗುತ್ತದೆ ಎಂದ ಕೂಡಲೇ, ಒಳಿತು ಆ ಕಾರಣದ ಮೇಲೆ ನಿಂತಿತು, ಅಪ್ಪಣೆಯ ಮೇಲಲ್ಲ. ಇನ್ನೊಂದು ತೊಡಕೂ ಇದೆ. ದೇವರು ಒಳ್ಳೆಯವನು ಎಂದು ಅಜ್ಜಿ ಕೈಮುಗಿಯುತ್ತಾರೆ. ಒಳಿತೆಂದರೆ ಅವನು ಹೇಳಿದ್ದು ಎಂದಷ್ಟೇ ಅರ್ಥವಾದರೆ, ಆ ಸ್ತುತಿಗೆ "ದೇವರು ತಾನು ಹೇಳಿದಂತೆ ನಡೆಯುತ್ತಾನೆ" ಎನ್ನುವುದಕ್ಕಿಂತ ಹೆಚ್ಚಿನ ಅರ್ಥ ಉಳಿಯುವುದಿಲ್ಲ. ಹೇಳಿದಂತೆ ನಡೆಯುವ ಪುಂಡರನ್ನೂ ನಾವು ಕಂಡಿದ್ದೇವೆ.

ಇಷ್ಟಾದರೂ ಅಪ್ಪಣೆಯ ಕಡೆಯೇ ನಿಂತವರಿದ್ದಾರೆ. ಹತ್ತನೆಯ ಶತಮಾನದ ಇಸ್ಲಾಮೀ ಚಿಂತಕ ಅಲ್-ಅಶ್‌ಅರಿ, ದೇವರು ಕೆಟ್ಟದ್ದೆಂದು ಸಾರಿದ್ದರಿಂದಲೇ ಸುಳ್ಳು ಕೆಟ್ಟದ್ದು, ಒಳ್ಳೆಯದೆಂದಿದ್ದರೆ ಒಳ್ಳೆಯದಾಗುತ್ತಿತ್ತು ಎಂದು ನೇರವಾಗಿ ಒಪ್ಪಿಕೊಂಡ. ಒಳಿತು ಕೆಡುಕನ್ನು ಬುದ್ಧಿಯಿಂದಲೇ ತಿಳಿಯಬಹುದು ಎನ್ನುತ್ತಿದ್ದ ಮುಅತಜಿಲಾ ಪಂಥದವರನ್ನು ಅವನು ಎದುರಿಸಿದ್ದು ಹೀಗೆ. ಎಲ್ಲವನ್ನೂ ಸೃಷ್ಟಿಸಿದವನ ಮೇಲೆ ಇನ್ನೊಂದು ಕಟ್ಟಳೆ ಇರುವುದು ಸಾಧ್ಯವಿಲ್ಲ ಎಂಬುದು ಅವನ ಕಾಳಜಿ. ನನಗೆ ಒಪ್ಪಿಗೆಯಿಲ್ಲ, ಆದರೆ ಆ ನೇರ ಮಾತು ಇಷ್ಟ.

ಸೋಮವಾರ ಬೆಳಿಗ್ಗೆ ಅಜ್ಜಿ ಹೂಬತ್ತಿ ಹೊಸೆಯುತ್ತಾ ಕುಳಿತಿದ್ದಾಗ ಪಕ್ಕದಲ್ಲಿ ಕುಳಿತು ಕೇಳಿದೆ: "ಅತ್ತೆ, ಗಣಪ ಪ್ರತ್ಯಕ್ಷನಾಗಿ, ನಾಳೆಯಿಂದ ಏಕಾದಶಿಯ ದಿನವೂ ಈರುಳ್ಳಿ ಹುಳಿ ತಿನ್ನು ಎಂದರೆ ಏನು ಮಾಡುತ್ತೀರಿ?" ಅವರು ತಲೆಯೆತ್ತದೆ, "ಅವನೇ ಹೇಳಿದ ಮೇಲೆ ತಿನ್ನುತ್ತೇನೆ, ನನಗೂ ಇಷ್ಟವೇ" ಎಂದರು. "ಅವನೇ ಬಂದು, ಮೇಷ್ಟರ ಹಣ ಇಟ್ಟುಕೋ, ತಂಗಿಗೆ ಹೇಳಬೇಡ ಎಂದರೆ?" ಬತ್ತಿ ಹೊಸೆಯುವ ಕೈ ನಿಂತಿತು. "ಹಾಗೆ ಹೇಳುವವನು ಗಣಪನಾಗಿರುವುದಿಲ್ಲ."

ಪುಟ್ಟಿ, ಈ ಎರಡು ಉತ್ತರಗಳ ನಡುವಿನ ಅಂತರವೇ ಇಡೀ ವಿಷಯ. ಅಮೆರಿಕದ ಮನಃಶಾಸ್ತ್ರಜ್ಞ ಲ್ಯಾರಿ ನುಚಿ ಇದೇ ಬಗೆಯ ಪ್ರಶ್ನೆಯನ್ನು ಕಟ್ಟಾ ಸಂಪ್ರದಾಯಸ್ಥ ಕ್ರೈಸ್ತ ಪಂಗಡವಾದ ಆಮಿಶ್ ಜನರ ಮಕ್ಕಳಿಗೆ ಕೇಳಿದ್ದ. ಭಾನುವಾರ ಕೆಲಸ ಮಾಡಬಾರದೆಂದು ದೇವರು ಹೇಳಿರದಿದ್ದರೆ? ಆಗ ಮಾಡಬಹುದು ಎಂದವು ಮಕ್ಕಳು. ಇನ್ನೊಬ್ಬರನ್ನು ಹೊಡೆಯಬಾರದೆಂದು ಹೇಳಿರದಿದ್ದರೆ? ಆಗಲೂ ತಪ್ಪು ಎಂದರು ಹೆಚ್ಚಿನವರು. ಹೊಡೆದರೆ ನೋವಾಗುತ್ತದೆ ಎಂಬುದು ಕಾರಣ. ಕಟ್ಟಳೆ ಇರುವುದರಿಂದ ತಪ್ಪಾಗುವ ಕೆಲಸ ಯಾವುದು, ಕಟ್ಟಳೆ ಇರಲಿ ಬಿಡಲಿ ತಪ್ಪಾಗಿಯೇ ಉಳಿಯುವ ಕೆಲಸ ಯಾವುದು ಎಂಬುದನ್ನು ದೇವರ ಭಯದಲ್ಲಿ ಬೆಳೆದ ಮಕ್ಕಳೂ ಬೇರ್ಪಡಿಸಬಲ್ಲರು. ಅಜ್ಜಿ ಬೇರ್ಪಡಿಸಿದ್ದೂ ಅದನ್ನೇ.

ಗಣಪನನ್ನು ಗುರುತಿಸಲು ಅಜ್ಜಿಯ ಬಳಿ ಒಂದು ಒರೆಗಲ್ಲಿದೆ, ಆ ಒರೆಗಲ್ಲು ಗಣಪ ಕೊಟ್ಟದ್ದಲ್ಲ. ಕೊಟ್ಟಿದ್ದರೆ ಅವನ ಅಪ್ಪಣೆಯನ್ನೇ ಅದಕ್ಕೆ ಉಜ್ಜಿ ನೋಡಲು ಆಗುತ್ತಿರಲಿಲ್ಲ. ಬಸವಣ್ಣನವರ ವಚನ ನಿನಗೆ ಬಾಯಿಗೆ ಬರುತ್ತದೆ: "ದಯವಿಲ್ಲದ ಧರ್ಮವದೇವುದಯ್ಯಾ?" ಎಲ್ಲರೂ ಮೊದಲ ಸಾಲನ್ನು ಗೋಡೆಯ ಮೇಲೆ ಬರೆಯುತ್ತಾರೆ. ನನ್ನ ಗಮನ ಕೊನೆಯ ಸಾಲಿನ ಮೇಲೆ: "ಕೂಡಲಸಂಗಯ್ಯನಂತಲ್ಲದೊಲ್ಲನಯ್ಯಾ." ಹಾಗಲ್ಲದಿದ್ದರೆ ಸಂಗಯ್ಯ ಒಲ್ಲ. ಸಂಗಯ್ಯ ಒಲಿದದ್ದರಿಂದ ದಯೆ ಮೂಲವಾಯಿತು ಎಂದು ಅಲ್ಲಿಲ್ಲ. ದಯೆ ಮೂಲ, ಆದ್ದರಿಂದ ಅದಿಲ್ಲದ್ದನ್ನು ಅವನು ಒಲ್ಲ. ಯೂಥಿಫ್ರೋ ಉತ್ತರ ಕೊಡದೆ, ತುರ್ತು ಕೆಲಸವಿದೆ ಎಂದು ಜಾರಿಕೊಂಡ. ಹನ್ನೆರಡನೆಯ ಶತಮಾನದ ಕನ್ನಡದಲ್ಲಿ ಆ ಪ್ರಶ್ನೆಗೆ ಉತ್ತರವಿದೆ ಎಂದೇ ನಾನು ಓದಿಕೊಳ್ಳುತ್ತೇನೆ. ಅದೂ ಭಕ್ತನೊಬ್ಬನ ಬಾಯಲ್ಲಿ.

ಅಂದರೆ ನೀನು ಗೆದ್ದೆ ಎಂದುಕೊಳ್ಳಬೇಡ. ಸಾಕ್ರಟೀಸನ ಪ್ರಶ್ನೆ ದೇವರಿಲ್ಲ ಎಂದು ತೋರಿಸುವುದಿಲ್ಲ. ಅಪ್ಪಣೆಯೊಂದೇ ಒಳಿತಿನ ಅಡಿಪಾಯವಾಗಲಾರದು ಎಂದಷ್ಟೇ ತೋರಿಸುತ್ತದೆ. ಹುಷಾರಾದ ಆಸ್ತಿಕರು ಇದಕ್ಕೆ ದಾರಿ ಹುಡುಕಿದ್ದಾರೆ. ಅಮೆರಿಕದ ತತ್ತ್ವಜ್ಞಾನಿ ರಾಬರ್ಟ್ ಆಡಮ್ಸ್ 1970ರ ದಶಕದಲ್ಲಿ, ಯಾರೋ ಒಬ್ಬ ದೇವರ ಅಪ್ಪಣೆಯಲ್ಲ, ಪ್ರೀತಿಯುಳ್ಳ ದೇವರ ಅಪ್ಪಣೆ ಎಂದ. ಕ್ರೌರ್ಯವನ್ನು ವಿಧಿಸಿದರೆ ಆ ಅಪ್ಪಣೆಗೆ ಬಲವಿಲ್ಲ. ಅಜ್ಜಿ ಹೇಳಿದ್ದು ಹೆಚ್ಚುಕಡಿಮೆ ಇದೇ. ಆದರೆ ಪ್ರೀತಿ ಕ್ರೌರ್ಯಕ್ಕಿಂತ ಮೇಲು ಎಂಬುದನ್ನು ಯಾರು ವಿಧಿಸಿದರು ಎಂದು ಮತ್ತೆ ಕೇಳಬಹುದು. ಪ್ರಶ್ನೆ ಒಂದು ಮೆಟ್ಟಿಲು ಹಿಂದಕ್ಕೆ ಸರಿಯಿತೇ ಹೊರತು ಮನೆ ಬಿಟ್ಟು ಹೋಗಲಿಲ್ಲ.

ಈಗ ನಿನ್ನ ಸರದಿ. ಹಣ ಇಟ್ಟುಕೊಳ್ಳುವುದು ಏಕೆ ತಪ್ಪು? ಇನ್ನೊಬ್ಬರಿಗೆ ನೋವಾಗುತ್ತದೆ ಎಂದೆ ನೀನು. ಯಾರಿಗೆ? ಮೇಷ್ಟರು ಇಲ್ಲ. ತಂಗಿಗೆ ಹಣದ ವಿಷಯವೇ ಗೊತ್ತಿರಲಿಲ್ಲ, ನಾವು ಹೇಳದಿದ್ದರೆ ಎಂದಿಗೂ ಗೊತ್ತಾಗುತ್ತಿರಲಿಲ್ಲ. ನೋವೊಂದೇ ಅಳತೆಯಾದರೆ ಇಲ್ಲಿ ತಪ್ಪೇ ಸಿಗುವುದಿಲ್ಲ. ಆದರೂ ತಪ್ಪಿದೆ ಎಂದು ನೀನು, ನಾನು, ಅಜ್ಜಿ ಮೂವರೂ ಬಲ್ಲೆವು. ಕಾನೂನು ಇದೆ ಎಂದು ನೀನು ನಡುವೆ ಒಮ್ಮೆ ಹೇಳಿದೆ. ಅದು ಅಜ್ಜಿಯ ದೇವರ ಜಾಗದಲ್ಲಿ ಪೊಲೀಸರನ್ನು ಕೂರಿಸಿದಂತೆ, ಅಷ್ಟೆ. ಸಾಕ್ರಟೀಸ್ ಅವರನ್ನೂ ಅದೇ ಪ್ರಶ್ನೆ ಕೇಳುತ್ತಾನೆ.

ನನ್ನ ಉತ್ತರ ಹೀಗೆ. ಆ ಹಣ ಎಂದೂ ನಮ್ಮದಾಗಿರಲಿಲ್ಲ. ಮನೆ ಬಿಡುವಾಗ ವಾಪಸು ಕೊಡುತ್ತೇವೆಂದು ಹೇಳಿ ಇರಿಸಿಕೊಂಡದ್ದು. ಮೇಷ್ಟರು ರಸೀದಿ ಕೇಳದೆ ಕೊಟ್ಟದ್ದು ನಮ್ಮ ಮಾತನ್ನು ನಂಬಿ. ಮಾತು ಕೊಟ್ಟವರು ನಾವು, ಕೇಳಿಸಿಕೊಂಡವರು ಸತ್ತರು ಎಂಬ ಕಾರಣಕ್ಕೆ ಮಾತು ಸಾಯುವುದಿಲ್ಲ. ಈ ಕಾರಣಕ್ಕೆ ದೇವರು ಬೇಕಿಲ್ಲ. ದೇವರಿದ್ದರೆ ಅವನಿಗೂ ಇದು ಕಾಣುತ್ತದೆ. ಈ ಋಣಕ್ಕೆ ಇಷ್ಟು ಬಿಗಿ ಎಲ್ಲಿಂದ ಬಂತು ಎಂದು ನೀನು ಇನ್ನೂ ಅಗೆದರೆ, ನನ್ನ ಗುದ್ದಲಿ ಅಲ್ಲಿ ಬಂಡೆಗೆ ತಾಗುತ್ತದೆ. ಅಜ್ಜಿ ಆ ಬಂಡೆಯನ್ನು ಗಣಪ ಎನ್ನುತ್ತಾರೆ. ನಾನು ಬಂಡೆ ಎಂದಷ್ಟೇ ಎನ್ನುತ್ತೇನೆ.

ಅಜ್ಜಿಯ ಪರವಾಗಿ ಇನ್ನೊಂದು ಮಾತು. ಇದನ್ನು ಆವತ್ತು ನಿಮ್ಮಿಬ್ಬರ ಮುಂದೆ ಹೇಳಲು ನಾಚಿಕೆಯಾಯಿತು. ತಂಗಿ ಲಗೇಜು ಆಟೋ ಹತ್ತಿ ಹೋದ ಮೇಲೆ ಎರಡು ದಿನ ನಾನು ಆ ಹಣದಲ್ಲಿ ತಾರಸಿಯ ಸೋರಿಕೆ ಸರಿಪಡಿಸುವ ಲೆಕ್ಕ ಹಾಕುತ್ತಿದ್ದೆ. ಯಾವುದು ಸರಿ ಎಂದು ಗೊತ್ತಿತ್ತು, ಆ ತಿಳಿವಳಿಕೆ ಡೈರಿಯನ್ನು ತೆರೆಯಿಸಲಿಲ್ಲ. ತೆರೆಯಿಸಿದ್ದು ಅಜ್ಜಿಯ "ನೋಡುತ್ತಿರುತ್ತಾನೆ". ಒಂದು ಕೆಲಸ ಏಕೆ ಸರಿ ಎನ್ನುವುದು ಒಂದು ಪ್ರಶ್ನೆ, ಸರಿಯೆಂದು ಗೊತ್ತಿದ್ದೂ ಕೈ ಏಳದಿದ್ದಾಗ ಏನು ಎಬ್ಬಿಸುತ್ತದೆ ಎನ್ನುವುದು ಇನ್ನೊಂದು. ಸಾಕ್ರಟೀಸ್ ಕೇಳಿದ್ದು ಮೊದಲನೆಯದನ್ನು. ಅಜ್ಜಿ ಬಹುಮಟ್ಟಿಗೆ ಎರಡನೆಯದಕ್ಕೆ ಉತ್ತರ ಹೇಳುತ್ತಿದ್ದರು. ನೀವಿಬ್ಬರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಒಂದೇ ಸಾರಿನ ಪಾತ್ರೆಯ ಮೇಲೆ ಜಗಳವಾಡಿದಿರಿ.

ತಂಗಿಗೆ ಫೋನು ಮಾಡಿದ್ದೇನೆ, ಶನಿವಾರ ಚೆಕ್ ಕಳುಹಿಸಬೇಕು. ಮೊತ್ತವನ್ನು ಇನ್ನೂ ಬರೆದಿಲ್ಲ. ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ನಮ್ಮೂರಿನ ರೂಢಿ. ಈಗಿನ ಬಾಡಿಗೆ ಒಂಬತ್ತು ಸಾವಿರ. ಬರುವಾಗಲೇ ಆ ರೂಢಿಯನ್ನು ಹೇಳಿದ್ದೆವು, ಮೇಷ್ಟರು ಒಪ್ಪಿದ್ದರು. ಆದರೆ ಅವರು ಮನೆ ಬಿಟ್ಟದ್ದಲ್ಲ, ತೀರಿಹೋದದ್ದು. ಹಿಡಿದುಕೊಂಡರೆ ಐವತ್ತೊಂದು ಸಾವಿರ. ಇದು ಈರುಳ್ಳಿ ಹುಳಿಯ ಸಾಲಿಗೆ ಸೇರುತ್ತದೆಯೋ, ಮೇಷ್ಟರ ಹಣದ ಸಾಲಿಗೋ? ಅಜ್ಜಿಯನ್ನು ಕೇಳಿದೆ. ಗಣಪನಿಗೆ ಬೆಂಗಳೂರಿನ ಬಾಡಿಗೆಯ ವಿಷಯ ತಿಳಿಯದು, ಪುಟ್ಟಿಯನ್ನೇ ಕೇಳು ಎಂದರು. ಶುಕ್ರವಾರ ರಾತ್ರಿಯೊಳಗೆ ಹೇಳು.

ನಿನ್ನ,
ಅಮ್ಮ