ಮುಂದಿನ ತಿಂಗಳಿಂದ ಉದ್ರಿ ರೀಚಾರ್ಜ್ ಇಲ್ಲ, ಯಾಕೆ ಅಂತ ಹೇಳುತ್ತೇವೆ

ಊರಿನ ಎಲ್ಲರಿಗೂ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಮೊಬೈಲ್ ರೀಚಾರ್ಜ್ ಆಗಲಿ, ಕರೆಂಟ್ ಬಿಲ್ ಆಗಲಿ ಉದ್ರಿ ಮಾಡುವುದಿಲ್ಲ. ಇಷ್ಟು ವರ್ಷ ಮಾಡಿಕೊಟ್ಟು ಈಗ ಇಲ್ಲ ಅಂದರೆ ಬೇಜಾರಾಗುತ್ತದೆ, ಅಲ್ವಾ? ಅದಕ್ಕೇ ನಮ್ಮ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

349 ರೂಪಾಯಿ ರೀಚಾರ್ಜ್ ಮಾಡಿದರೆ ನಮಗೆ ಸಿಗುವುದು ಸುಮಾರು 7 ರೂಪಾಯಿ. ಉಳಿದ 342 ನಾವು ಮೊದಲೇ ವ್ಯಾಲೆಟ್‌ಗೆ ಹಾಕಿಟ್ಟ ನಮ್ಮದೇ ದುಡ್ಡು. ಬಟನ್ ಒತ್ತಿದ ತಕ್ಷಣ ಅದು ಹೋಗುತ್ತದೆ. ಒಬ್ಬರ ಉದ್ರಿ ವಾಪಸ್ ಬರದಿದ್ದರೆ, ಆ ನಷ್ಟ ತುಂಬಲು ಇನ್ನು 49 ಜನ ಅದೇ ರೀಚಾರ್ಜ್ ಮಾಡಿಸಬೇಕು. ಕರೆಂಟ್ ಬಿಲ್‌ನಲ್ಲಿ ಉಳಿಯುವುದು ಒಂದೆರಡು ರೂಪಾಯಿ ಅಷ್ಟೇ.

ಆದರೆ ಇದಕ್ಕಿಂತ ದೊಡ್ಡ ತೊಂದರೆ ಡ್ರಾಯರ್‌ನದು. ಬೆಳಿಗ್ಗೆ ಬಾಗಿಲು ತೆಗೆಯುವಾಗ ನಮ್ಮ ಬಂಡವಾಳ 20 ಸಾವಿರ. ಅರ್ಧ ವ್ಯಾಲೆಟ್‌ನಲ್ಲಿ, ಅರ್ಧ ನೋಟಿನಲ್ಲಿ. ನೀವು ನಗದು ಕೊಟ್ಟು ರೀಚಾರ್ಜ್ ಮಾಡಿಸಿದರೆ ವ್ಯಾಲೆಟ್ ಇಳಿದು ಡ್ರಾಯರ್ ತುಂಬುತ್ತದೆ. ಯಾರಾದರೂ ಹೆಬ್ಬೆಟ್ಟು ಒತ್ತಿ ಗೃಹಲಕ್ಷ್ಮಿ ಹಣ ತೆಗೆದರೆ ಡ್ರಾಯರ್ ಇಳಿದು ವ್ಯಾಲೆಟ್ ತುಂಬುತ್ತದೆ. ಒಬ್ಬರು ಕೊಟ್ಟ ನೋಟೇ ಇನ್ನೊಬ್ಬರ ಕೈಗೆ ಹೋಗುವುದು. ಉದ್ರಿ ಆದರೆ ವ್ಯಾಲೆಟ್ ಇಳಿಯುತ್ತದೆ, ಡ್ರಾಯರ್‌ಗೆ ಏನೂ ಬರುವುದಿಲ್ಲ.

ಹೋದ ತಿಂಗಳು ಒಬ್ಬ ಅಜ್ಜಿ 1,200 ರೂಪಾಯಿ ಪಿಂಚಣಿ ತೆಗೆಯಲು ಬಂದಿದ್ದರು. ಕಾಫಿ ಕುಯ್ದು ಕುಯ್ದು ಬೆರಳಿನ ಗೆರೆಯೇ ಸವೆದಿದೆ. ಬಟ್ಟೆಯಲ್ಲಿ ಒರೆಸಿ, ಬೆರಳು ಬದಲಿಸಿ ನೋಡೋಣ ಅಂತ ಹೊರಟಾಗ ಡ್ರಾಯರ್ ನೋಡಿದೆವು, ಇದ್ದದ್ದು 700. ಅವತ್ತು ಬೆಳಿಗ್ಗೆಯಿಂದ ಎಂಟು ಉದ್ರಿ ರೀಚಾರ್ಜ್ ಆಗಿತ್ತು. ಆ ದುಡ್ಡು ಬಂದಿದ್ದರೆ ಅಜ್ಜಿ ಖಾಲಿ ಕೈಯಲ್ಲಿ ಹೋಗುತ್ತಿರಲಿಲ್ಲ. ನೋಟು ತರಲು ಬೇಲೂರಿಗೆ ಹೋಗಿ ಬಂದರೆ ಅರ್ಧ ದಿನ ಅಂಗಡಿ ಮುಚ್ಚಬೇಕು. 2,000 ತೆಗೆದುಕೊಟ್ಟರೆ ನಮ್ಮ ಪಾಲಿಗೆ ಬರುವುದು ನಾಲ್ಕೈದು ರೂಪಾಯಿ. ಬಸ್ ಚಾರ್ಜಿಗೂ ಸಾಲದು.

ಹಣ ತೆಗೆಯುವುದಕ್ಕೆ ನಿಮ್ಮಿಂದ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ, ಅದು ಹಾಗೆಯೇ ಇರುತ್ತದೆ. ನಮಗೆ ಬರಬೇಕಾದ್ದನ್ನು ಬ್ಯಾಂಕ್ ಕಡೆಯಿಂದ ಕೊಡುತ್ತಾರೆ, ಗ್ರಾಹಕರ ಹತ್ತಿರ ಕೇಳುವ ಹಾಗಿಲ್ಲ.

"ಗೊತ್ತಿದ್ದವರಿಗೆ ಮಾತ್ರ ಉದ್ರಿ ಕೊಡಿ" ಅಂತ ಕೆಲವರು ಹೇಳಿದರು. ಈ ಊರಲ್ಲಿ ನಮಗೆ ಗೊತ್ತಿಲ್ಲದವರು ಯಾರಿದ್ದಾರೆ? ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅನ್ನಲು ಮನಸ್ಸು ಬರಲಿಲ್ಲ.

ತೋಟದಲ್ಲಿ ಕೆಲಸ ಮಾಡುವವರಿಗೆ ಬಟವಾಡೆ ಆಗುವುದು ವಾರದ ಕೊನೆಗೆ ಅಂತ ಗೊತ್ತು. ಅದಕ್ಕೆ ಭಾನುವಾರ ರಾತ್ರಿ 8ರ ತನಕ ಅಂಗಡಿ ತೆರೆದಿರುತ್ತದೆ. ಪ್ಯಾಕ್ ಮುಗಿಯುವ ತಾರೀಖು ತಿಳಿಯದಿದ್ದರೆ ನಂಬರ್ ಹೇಳಿ, ನೋಡಿ ಹೇಳುತ್ತೇವೆ. ವಾರದ ಮಧ್ಯೆ ಮುಗಿಯುವುದಿದ್ದರೆ ಹಿಂದಿನ ಭಾನುವಾರವೇ ಹಾಕಿಸಿಕೊಳ್ಳಬಹುದು.

ಹಳೆಯ ಬಾಕಿಯನ್ನು ಒಂದೇ ಸಲ ಕೊಡಬೇಕೆಂದಿಲ್ಲ. ವಾರಕ್ಕೆ 50, 100 ಆದರೂ ಸಾಕು. ನಿಮ್ಮ ಎದುರಿಗೇ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತೇವೆ.

ಇಂತಿ,
ನಿಮ್ಮ ಊರಿನ ಬ್ಯಾಂಕ್ ಮತ್ತು ರೀಚಾರ್ಜ್ ಅಂಗಡಿಯವರು