ಮಾವಿನ ಹಣ್ಣನ್ನು ಬಿಡಿಸಿ ಹೇಳಬೇಡ

ಚಿ. ಶಾಲಿನಿಗೆ,

ದೊಡ್ಡಪ್ಪನ ಆಶೀರ್ವಾದ. ಹಳೆಯ ತಮಿಳಿನ ಪ್ರೇಮಪದ್ಯಗಳ ಸಂಕಲನ ಕುರುಂತೊಗೈಯಿಂದ ನೀನು ಮಾಡಿ ಕಳಿಸಿದ ಅನುವಾದಗಳನ್ನು ಓದಿದೆ. ಭಾಷೆ ಚೆನ್ನಾಗಿದೆ. ಎಂಟನೆಯ ಪದ್ಯ ಮಾತ್ರ ಸರಿಯಾಗಿ ಬಂದಿಲ್ಲ. ಅದೊಂದನ್ನು ಸರಿಮಾಡಿಕೊಂಡರೆ ಉಳಿದವಕ್ಕೂ ದಾರಿ ಸಿಗುತ್ತದೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಆಲಂಗುಡಿ ವಂಗನಾರ್ ಬರೆದ ಪದ್ಯ ಅದು. ಮಾತಾಡುವವಳು ಪರತ್ತೈ, ಅಂದರೆ ಮದುವೆಯಾದ ಗಂಡಸೊಬ್ಬ ಇಟ್ಟುಕೊಂಡವಳು. ಅವನ ಹೆಂಡತಿ ತನ್ನನ್ನು ಬೈದಳೆಂದು ಕೇಳಿ, ಆ ಹೆಂಡತಿಯ ಕಡೆಯವರ ಕಿವಿಗೆ ಬೀಳುವ ಹಾಗೆ ಹೇಳುತ್ತಾಳೆ. ನೀನು ಹೀಗೆ ಶುರು ಮಾಡಿದ್ದೀಯ: ‘ಅವನ ಊರು ಸುಂದರ. ಅಲ್ಲಿ ಮಾವಿನ ಹಣ್ಣನ್ನು ಮೀನು ಜಿಗಿದು ಹಿಡಿಯುತ್ತದೆ. ಅವನೂ ಹಾಗೆಯೇ...’ ಇದರಲ್ಲಿ ಮೂರು ಕಡೆ ಎಡವಟ್ಟಾಗಿದೆ.

ಮೊದಲನೆಯದು ‘ಹಾಗೆಯೇ’. ತಮಿಳಿನಲ್ಲಿ ಆ ಪದವೇ ಇಲ್ಲ. ಹಣ್ಣು ಮತ್ತು ಮೀನಿನ ಹೋಲಿಕೆಯನ್ನು ಕವಿ ಬಾಯಿಬಿಟ್ಟು ಹೇಳುವುದಿಲ್ಲ. ಇದಕ್ಕೆ ಉಳ್ಳುರೈ ಎನ್ನುತ್ತಾರೆ, ಒಳಗೆ ಅಡಗಿಸಿಟ್ಟ ಮಾತು. ಅವಳು ಎದುರಾಳಿಗಳ ಮುಂದೆ ನಿಂತು ಮಾತಾಡುತ್ತಿದ್ದಾಳೆ. ನೇರವಾಗಿ ‘ನಾನು ಅವನನ್ನು ಸೆಳೆಯಲಿಲ್ಲ’ ಅಂದರೆ ಅದು ಸಮರ್ಥನೆ ಆಗಿಬಿಡುತ್ತದೆ. ಊರಿನ ವರ್ಣನೆ ಅಂತ ಹೇಳಿದರೆ ಯಾರೂ ಹಿಡಿಯಲಾರರು, ಅಲ್ವಾ?

ಎರಡನೆಯದು ಕ್ರಿಯಾಪದ. ಮೂಲದಲ್ಲಿ ಹಣ್ಣು ಮಾಗಿ, ತಾನಾಗಿ ಉದುರುತ್ತದೆ. ಕೆರೆಯಲ್ಲಿದ್ದ ಮೀನು ಬಾಯಿಗೆ ಬಂದದ್ದನ್ನು ಕಚ್ಚಿಕೊಳ್ಳುತ್ತದೆ, ಅಷ್ಟೇ. ಮೀನು ಇವಳು, ಹಣ್ಣು ಅವನು. ತಾನಾಗಿ ಬಂದು ಬಿದ್ದವನು ಅವನೇ ಎಂಬುದೇ ಅವಳ ವಾದ. ನೀನು ‘ಜಿಗಿದು ಹಿಡಿಯುತ್ತದೆ’ ಎಂದು ಬರೆದ ಕೂಡಲೇ ತಪ್ಪೆಲ್ಲ ಅವಳ ತಲೆಗೆ ಬಂತು. ಪದ್ಯವನ್ನು ಗೊತ್ತಿಲ್ಲದವರ ಹತ್ತಿರ ಓದಿಸಿ, ತಪ್ಪು ಯಾರದು ಅಂತ ಕೇಳು. ‘ಅವಳೇ ಬಲೆ ಬೀಸಿದಳು’ ಅಂದರೆ ಅನುವಾದ ಕೆಟ್ಟಿದೆ ಎಂದೇ ತಿಳಿ.

ಮೂರನೆಯದು, ಮೂಲದ ಒಂದೇ ವಾಕ್ಯವನ್ನು ನೀನು ಒಡೆದಿದ್ದು. ಇಂಗ್ಲಿಷಿಗೆ ತರುವವರು ಮೂಲದ ಪದಕ್ರಮವನ್ನು ಹಿಂದುಮುಂದು ಮಾಡಬೇಕಾಗುತ್ತದೆ. ನಮಗೆ ಆ ಕಷ್ಟ ಇಲ್ಲ. ತಮಿಳಿನ ಹಾಗೇ ಕನ್ನಡದಲ್ಲೂ ಇಡೀ ಗದ್ದೆ, ಮರ, ಮೀನನ್ನು ಒಬ್ಬ ಗಂಡಸಿನ ಹೆಸರಿನ ಹಿಂದೆ ಕಟ್ಟಬಹುದು. ಸಿಕ್ಕ ಅನುಕೂಲವನ್ನು ಸುಮ್ನೆ ಯಾಕೆ ಬಿಡಬೇಕು? ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

ಗದ್ದೆಯಂಚಿನ ಮಾವು ಮಾಗಿ ಉದುರಿದ ಸಿಹಿಹಣ್ಣನ್ನು
ಕೆರೆಯ ಬಾಳೆಮೀನು ಕಚ್ಚಿಕೊಳ್ಳುವ ಊರಿನವನು
ನಮ್ಮ ಮನೆಯಲ್ಲಿ ದೊಡ್ಡ ಮಾತಾಡಿ,
ತಮ್ಮ ಮನೆಯಲ್ಲಿ
ಕೈಯೆತ್ತಿದರೆ ಕೈ, ಕಾಲೆತ್ತಿದರೆ ಕಾಲು ಎತ್ತುವ
ಕನ್ನಡಿಯ ಬೊಂಬೆಯಂತೆ
ಬೇಕಾದ್ದನ್ನೆಲ್ಲ ಮಾಡಿಕೊಡುತ್ತಾನೆ
ತನ್ನ ಮಗನ ತಾಯಿಗೆ.

‘ಆಡಿಪ್ಪಾವೈ’ಯನ್ನು ನೀನು ಆಡುವ ಬೊಂಬೆ ಮಾಡಿದ್ದೀಯ. ನಮ್ಮ ಕಿವಿಗೆ ಹಾಗೇ ಕೇಳುತ್ತದೆ, ಆದರೆ ಅಲ್ಲಿ ಆಡಿ ಅಂದರೆ ಕನ್ನಡಿ. ಬೊಂಬೆಯಾದರೆ ಆಟ ಮುಗಿದ ಮೇಲೂ ಮೂಲೆಯಲ್ಲಿ ಬಿದ್ದಿರುತ್ತದೆ. ಕನ್ನಡಿಯಲ್ಲಿನ ರೂಪ ಹೆಂಡತಿ ಎದುರಿಗೆ ನಿಂತಿರುವಷ್ಟು ಹೊತ್ತು ಮಾತ್ರ. ಕೊನೆಯ ಸಾಲನ್ನೂ ಅಲ್ಲಿಂದ ಕದಲಿಸಬೇಡ. ‘ಹೆಂಡತಿ’ ಎನ್ನದೆ ‘ಮಗನ ತಾಯಿ’ ಎನ್ನುವುದರಲ್ಲಿ ಅವಳಿಗೆ ವಯಸ್ಸಾಯಿತು ಎಂಬ ಚುಚ್ಚು ನನಗೆ ಕೇಳುತ್ತದೆ.

ಇನ್ನು ತಿಣೈ ವಿಷಯ, ಅಂದರೆ ಒಂದೊಂದು ಬಗೆಯ ನೆಲಕ್ಕೆ ಪ್ರೇಮದ ಒಂದೊಂದು ಸ್ಥಿತಿಯನ್ನು ಜೋಡಿಸುವ ತಮಿಳು ಕ್ರಮ. ಗದ್ದೆ, ಕೆರೆ ಕಂಡೊಡನೆ ಹಳೆಯ ತಮಿಳು ಓದುಗರಿಗೆ ಇದು ಮರುದಂ ಎಂದು ಗೊತ್ತಾಗುತ್ತಿತ್ತು. ಅಂದರೆ ಗಂಡ ಬೇರೆಯವಳ ಹತ್ತಿರ ಹೋದದ್ದು, ಮನೆಯಲ್ಲಿ ಮುನಿಸು. ನಮ್ಮ ಓದುಗರಿಗೆ ಗದ್ದೆ ಬರೀ ಗದ್ದೆ. ಇದನ್ನು ಪದ್ಯದೊಳಗೆ ತುರುಕಬೇಡ. ಮೂಲದಲ್ಲೇ ಪ್ರತಿ ಪದ್ಯಕ್ಕೂ ಯಾರು ಯಾರಿಗೆ ಹೇಳಿದ್ದು ಎಂಬ ಟಿಪ್ಪಣಿ ಇದೆ. ಅದನ್ನು ಪದ್ಯದ ಮೇಲೆ ಚಿಕ್ಕ ಅಕ್ಷರದಲ್ಲಿ ಹಾಕು. ಜೊತೆಗೆ ತಿಣೈಯ ಹೆಸರು. ಐದು ತಿಣೈಗಳ ಬಗ್ಗೆ ಪುಸ್ತಕದ ಮೊದಲಲ್ಲಿ ಒಂದು ಪುಟ ಸಾಕು, ಜಾಸ್ತಿ ಬೇಡ. ಕುರುಂತೊಗೈ ಪದ್ಯಗಳು ತಿಣೈ ಪ್ರಕಾರ ಜೋಡಿಸಿದವಲ್ಲ. ನೀನು ಆರಿಸಿದವನ್ನು ಒಂದೊಂದು ತಿಣೈಯಲ್ಲಿ ಒಟ್ಟಿಗೆ ಇಟ್ಟರೆ, ಮೂರ್ನಾಲ್ಕು ಪದ್ಯ ದಾಟುವಷ್ಟರಲ್ಲಿ ಓದುಗರಿಗೇ ಗದ್ದೆಯ ಅರ್ಥ ಹತ್ತುತ್ತದೆ.

ಇನ್ನೊಂದು. ಕಾದಿರುವವಳ ತಿಣೈಯಾದ ಮುಲ್ಲೈ ಪದ್ಯದಲ್ಲಿ ಮಲ್ಲಿಗೆ ಹಾಕಿದ್ದೀಯ, ಮೊಲ್ಲೆ ಅಂತ ತಿದ್ದು. ಮಲ್ಲಿಗೆ ಅಂದರೆ ನಮಗೆ ಬೇಸಿಗೆ. ಅಲ್ಲಿ ಅವನು ಮಳೆಗಾಲಕ್ಕೆ ಬರುತ್ತೇನೆ ಎಂದು ಹೇಳಿ ಹೋಗಿದ್ದಾನೆ, ಮಳೆ ಬಂದು ಸಂಜೆ ಹೊತ್ತು ಹೂ ಬಿರಿದಿದೆ, ಅವನು ಬಂದಿಲ್ಲ. ಬೇಸಿಗೆಯ ಹೂವಿಟ್ಟರೆ ಅವಳು ಅಳುವುದಕ್ಕೆ ಕಾರಣವೇ ಇರುವುದಿಲ್ಲ.

ತಿದ್ದಿದ ಮೇಲೆ ಮರುದಂ ಪದ್ಯಗಳನ್ನು ಮೊದಲು ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ