ಅವಿರೋಧ ಆಯ್ಕೆಯ ಹಿಂದಿನ ಸವಾಲು: ರಾಜ್ಯ ಚುನಾವಣಾ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನಮಸ್ಕಾರ. ನಾನು ಗದಗ ಜಿಲ್ಲೆಯವನು, ನಿವೃತ್ತ ಹೈಸ್ಕೂಲ್ ಮುಖ್ಯೋಪಾಧ್ಯಾಯ. ಕೆಲಸದಲ್ಲಿದ್ದಾಗ ಗ್ರಾಮ ಪಂಚಾಯತಿ ಚುನಾವಣೆಗೆ ಚುನಾವಣಾಧಿಕಾರಿಯಾಗಿ ಡ್ಯೂಟಿ ಮಾಡಿದ್ದೇನೆ. ನಾಮಪತ್ರ ತಗೊಳ್ಳೋದು, ಪರಿಶೀಲನೆ, ವಾಪಸಾತಿ, ಎಣಿಕೆ ಎಲ್ಲಾ ಕೂತು ನೋಡಿದವನು. ಸದಸ್ಯ ಸ್ಥಾನಗಳ ಹರಾಜಿನ ಬಗ್ಗೆ ನಿಮ್ಮ ಜೊತೆ ಮಾತಾಡಬೇಕು. ನಮ್ಮ ಕಡೆ ಇದಕ್ಕೆ 'ಸವಾಲು' ಅಂತಾರೆ.

2020ರ ಡಿಸೆಂಬರ್‌ನಲ್ಲಿ ಎರಡು ಹಂತದಲ್ಲಿ ಗ್ರಾಮ ಪಂಚಾಯತಿ ಚುನಾವಣೆ ಆಯಿತು. ಸುಮಾರು 82 ಸಾವಿರ ಸ್ಥಾನಗಳಲ್ಲಿ 8 ಸಾವಿರಕ್ಕೂ ಜಾಸ್ತಿ ಅವಿರೋಧ. ಅಂದರೆ ಹತ್ತರಲ್ಲಿ ಒಂದು ಕಡೆ ಜನ ಮತ ಹಾಕಲೇ ಇಲ್ಲ. ಇವೆಲ್ಲಾ ಹರಾಜಾದವು ಅಂತ ನಾನು ಹೇಳುವುದಿಲ್ಲ. ಊರಿನವರು ನಿಜವಾಗಿಯೂ ಕೂತು ಒಪ್ಪಿ, ಒಳ್ಳೆಯವರನ್ನು ಕಳಿಸಿದ ಕಡೆಗಳೂ ಇವೆ. ಆದರೆ ಆ ವರ್ಷ ಎಷ್ಟೋ ಜಿಲ್ಲೆಗಳಿಂದ ಹರಾಜಿನ ಸುದ್ದಿ ಬಂತು, ವಿಡಿಯೊ ಬಂತು. ಆಯೋಗವೂ ಎಚ್ಚರಿಕೆ ಕೊಟ್ಟಿತು.

ಸವಾಲು ಹೇಗೆ ನಡೆಯುತ್ತದೆ ಅಂತ ಕಡತದಲ್ಲಿ ಸರಿಯಾಗಿ ಇರಲಿಕ್ಕಿಲ್ಲ, ಅದಕ್ಕೇ ಬರೆಯುತ್ತೇನೆ. ಮೀಸಲಾತಿ ಪಟ್ಟಿ ಬಂದ ಮೇಲೆ ಹಿರಿಯರು ದೈವ, ಅಂದರೆ ಊರಿನವರನ್ನು, ಕೂಡಿಸುತ್ತಾರೆ. ಗುಡಿ ಕಟ್ಟೆಯ ಮೇಲೆ ಸಭೆ. ಗುಡಿಗೆ ಶಿಖರ ಆಗಬೇಕು, ತೇರಿನ ಗಾಲಿ ಹೊಸದಾಗಬೇಕು, ಇಲ್ಲಾ ಸಮುದಾಯ ಭವನ ಅರ್ಧಕ್ಕೆ ನಿಂತಿದೆ. ಯಾರು ಜಾಸ್ತಿ ಕೂಗುತ್ತಾರೋ ಸೀಟು ಅವರಿಗೆ. ಅಲ್ಲೇ ಒಂದಿಷ್ಟು ಮುಂಗಡ, ಉಳಿದದ್ದು ನಾಮಪತ್ರದ ದಿನದೊಳಗೆ. ಮಿಕ್ಕವರು ನಾಮಪತ್ರ ಹಾಕುವುದಿಲ್ಲ ಅಂತ ದೇವರ ಭಂಡಾರ ಮುಟ್ಟಿ ಹೇಳುತ್ತಾರೆ. ರಶೀದಿ ಇಲ್ಲ, ಬಾಂಡ್ ಇಲ್ಲ. ಆದರೂ ಮಾತು ತಪ್ಪುವವರು ಬಹಳ ಕಡಿಮೆ.

ಇದನ್ನು ನೋಡಿ ನನಗೆ ಮೊದಲು ಅನ್ನಿಸಿದ್ದು, ಹಳ್ಳಿಯಲ್ಲಿ ನಂಬಿಕೆ ಸತ್ತಿದೆ ಅನ್ನುವವರು ಒಮ್ಮೆ ಇಲ್ಲಿ ಬಂದು ಕೂರಬೇಕು ಅಂತ. ಲಕ್ಷಗಟ್ಟಲೆ ದುಡ್ಡು ಬರೀ ಬಾಯಿಮಾತಿನ ಮೇಲೆ ಕೈ ಬದಲಾಗುತ್ತದೆ. ಪ್ರಜಾಪ್ರಭುತ್ವಕ್ಕೆ ಜನರ ನಡುವೆ ನಂಬಿಕೆ ಬೇಕು ಅನ್ನುವ ಮಾತನ್ನು ಎಲ್ಲರೂ ಹೇಳುತ್ತಾರೆ. ಇಲ್ಲಿ ಆ ನಂಬಿಕೆಯೇ ಮತದಾನವನ್ನು ನುಂಗುತ್ತಿದೆ, ಅಲ್ವಾ?

ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್ ಇಟಲಿಯಲ್ಲಿ ಬಹಳ ವರ್ಷ ಇದರ ಬೆನ್ನು ಹತ್ತಿದ್ದರು. 1970ರಲ್ಲಿ ಅಲ್ಲಿ ದೇಶದ ತುಂಬಾ ಪ್ರಾಂತ್ಯ ಸರ್ಕಾರಗಳು ಬಂದವು. ಕಾಗದದ ಮೇಲೆ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ ಥರದ ಸರ್ಕಾರ. ಆದರೆ ಉತ್ತರದಲ್ಲಿ ಕೆಲಸ ಸಾಗಿತು, ದಕ್ಷಿಣದಲ್ಲಿ ಕುಂಟಿತು. ಉತ್ತರದ ಜನ ಹಾಡುವ ತಂಡ, ಫುಟ್ಬಾಲ್ ಕ್ಲಬ್ಬು, ಸಹಕಾರ ಸಂಘ ಅಂತ ಅಪರಿಚಿತರ ಜೊತೆಯೂ ಸರಿಸಮನಾಗಿ ಕೂತು ಅಭ್ಯಾಸ ಇದ್ದವರು. ದಕ್ಷಿಣದಲ್ಲಿ ದೊಡ್ಡವರ ಕಾಲು ಹಿಡಿದು ಕೆಲಸ ಮಾಡಿಸಿಕೊಳ್ಳುವ ರೂಢಿ. ಪಟ್ನಮ್ ಇತಿಹಾಸವನ್ನು ಬಹಳ ಸರಳ ಮಾಡಿದರು ಅಂತ ಆಮೇಲೆ ಟೀಕೆ ಬಂತು, ಅದರಲ್ಲಿ ಹುರುಳಿದೆ. ಆದರೆ ಅವರು ಮುಂದೆ ಎತ್ತಿ ಹೇಳಿದ ಒಂದು ವ್ಯತ್ಯಾಸ ನಮ್ಮ ಗುಡಿ ಕಟ್ಟೆಗೂ ಹೊಂದುತ್ತದೆ. ನಮ್ಮವರನ್ನು ನಮ್ಮವರ ಜೊತೆ ಬಿಗಿಯುವ ನಂಬಿಕೆ ಬೇರೆ, ನಮ್ಮ ಓಣಿಯನ್ನು ಆಚೆ ಓಣಿಗೆ ಸೇರಿಸುವ ನಂಬಿಕೆ ಬೇರೆ. ಮೊದಲನೆಯದು ಎಷ್ಟು ಗಟ್ಟಿಯಾದರೂ ಎರಡನೆಯದು ತಾನಾಗಿ ಹುಟ್ಟುವುದಿಲ್ಲ.

ಸವಾಲಿನ ಸಭೆಯಲ್ಲಿ ಯಾರು ಎಲ್ಲಿ ಕೂತಿರುತ್ತಾರೆ ಅಂತ ನೋಡಿದರೆ ಸಾಕು. ಕಟ್ಟೆಯ ಮೇಲೆ ನಾಲ್ಕೈದು ಮನೆತನದ ಗಂಡಸರು. ಕೆಳಗೆ ಅವರ ಬಳಗ. ಕೇರಿಯ ಜನ ದೂರದಲ್ಲಿ ನಿಂತಿರುತ್ತಾರೆ. ಹೆಂಗಸರು ಕಾಣುವುದೇ ಇಲ್ಲ. 'ಊರು ಒಪ್ಪಿತು' ಅಂತ ಹೊರಗೆ ಬರುವ ಸುದ್ದಿಯಲ್ಲಿ ಊರು ಅಂದರೆ ಇಷ್ಟೇ.

ಒಂದು ವಾರ್ಡಿನ ಲೆಕ್ಕ ಹೇಳುತ್ತೇನೆ. ಊರಿನ ಹೆಸರು ಬೇಡ. ಮೂರು ಸ್ಥಾನ: ಒಂದು ಸಾಮಾನ್ಯ, ಒಂದು ಸಾಮಾನ್ಯ ಮಹಿಳೆ, ಒಂದು ಪರಿಶಿಷ್ಟ ಜಾತಿ ಮಹಿಳೆ. ಸಾಮಾನ್ಯ ಸ್ಥಾನಕ್ಕೆ ದೊಡ್ಡ ಬೆಲೆ ಬಂತು. ಸಾಮಾನ್ಯ ಮಹಿಳೆಯ ಸ್ಥಾನವನ್ನು ಒಬ್ಬರು ಹೆಂಡತಿ ಹೆಸರಲ್ಲಿ ಹಿಡಿದರು. ಪರಿಶಿಷ್ಟ ಜಾತಿ ಮಹಿಳೆಯ ಸ್ಥಾನಕ್ಕೆ ಕೇರಿಯಲ್ಲಿ ಕೂಗುವವರು ಯಾರೂ ಇರಲಿಲ್ಲ, ಅಷ್ಟು ದುಡ್ಡು ಅವರಲ್ಲಿ ಎಲ್ಲಿಂದ ಬರಬೇಕು? ಕೂಗಿದ್ದು ಒಬ್ಬ ಜಮೀನುದಾರ. ನಾಮಪತ್ರ ಅವರ ಹೊಲಕ್ಕೆ ಕೂಲಿಗೆ ಬರುವ ಹೆಣ್ಣುಮಗಳದ್ದು. ಕೇರಿಯಿಂದಲೇ ಇನ್ನೊಬ್ಬ ಹೆಣ್ಣುಮಗಳು ಧೈರ್ಯ ಮಾಡಿ ನಾಮಪತ್ರ ಹಾಕಿದ್ದಳು. ವಾಪಸಾತಿಯ ಕೊನೇ ದಿನ ಅವಳೇ ನನ್ನ ಟೇಬಲ್ ಮುಂದೆ ಬಂದಳು. ಹಿಂದೆ ಆರೇಳು ಜನ. ಫಾರಂ ಮೊದಲೇ ತುಂಬಿತ್ತು, ಹೆಬ್ಬೆಟ್ಟು ಒತ್ತುವುದು ಮಾತ್ರ ಬಾಕಿ. "ಯಾಕಮ್ಮಾ ವಾಪಸ್ ತಗೋತಿ?" ಅಂದೆ. "ಮನ್ಯಾಗ ತ್ರಾಸ್ ಐತ್ರಿ ಸರ್" ಅಂದಳು, ನನ್ನ ಮುಖ ನೋಡದೆ. ಫಾರಂ ಸರಿಯಾಗಿದ್ದರೆ ತಗೊಳ್ಳಬೇಕು, ತಗೊಂಡೆ. ಅದೇ ದಿನ ಮೂರೂ ಸ್ಥಾನ ಅವಿರೋಧ ಅಂತ ಘೋಷಣೆ.

ಈಗ ದುಡ್ಡಿನ ಲೆಕ್ಕ. ಸದಸ್ಯರಿಗೆ ತಿಂಗಳಿಗೆ 2 ಸಾವಿರ ಗೌರವಧನ ಅಂತಲೇ ಹಿಡಿಯೋಣ. 5 ವರ್ಷಕ್ಕೆ 1 ಲಕ್ಷ 20 ಸಾವಿರ ಆಯಿತು. 5 ಲಕ್ಷ ಕೂಗಿದವರಿಗೆ ಉಳಿದ 3 ಲಕ್ಷ 80 ಸಾವಿರ ಎಲ್ಲಿಂದ ಬರಬೇಕು? ವಸತಿ ಯೋಜನೆಯ ಮನೆ ಪಟ್ಟಿಯಿಂದ, ಇ-ಸ್ವತ್ತು ಉತಾರದಿಂದ, ಕಾಮಗಾರಿ ಬಿಲ್ಲಿನಿಂದ. ದುಡ್ಡು ಕೊಟ್ಟು ಬಂದವರನ್ನು ಕೇಳುವವರೂ ಇಲ್ಲ. ಗ್ರಾಮಸಭೆಯಲ್ಲಿ ಯಾರಾದರೂ ಎದ್ದರೆ "ನಾ ಗುಡಿಗೆ ದುಡ್ಡು ಕೊಟ್ಟ ಬಂದೀನಿ, ನಿನ್ನ ಓಟಿಗೆ ಬಂದಿಲ್ಲ" ಅನ್ನುವ ಉತ್ತರ ತಯಾರಿರುತ್ತದೆ. ಎಷ್ಟೋ ಕಡೆ ಗ್ರಾಮಸಭೆಯ ಪುಸ್ತಕವೇ ಮನೆ ಮನೆಗೆ ಹೋಗಿ ಸಹಿ ಮಾಡಿಸಿಕೊಂಡು ಬರುತ್ತದೆ.

ಹಾಗಾದರೆ ಸಾಮಾನ್ಯ ಜನ ಇದನ್ನು ಯಾಕೆ ಒಪ್ಪುತ್ತಾರೆ? ಬರೀ ಹೆದರಿಕೆಯಿಂದಲ್ಲ. ನಾನು ಕೇಳಿದಾಗ ಜಾಸ್ತಿ ಬಂದ ಉತ್ತರ ಎರಡು. ಒಂದು, "ಎಲೆಕ್ಷನ್ ಆದ್ರ ಊರು ಒಡೀತದ್ರಿ." ಇದು ಸುಳ್ಳಲ್ಲ. ಒಂದು ವಾರ್ಡಿನಲ್ಲಿ ಮತ ಇರುವುದೇ ಕೆಲವು ನೂರು. ಎಣಿಕೆ ಮುಗಿದ ಸಂಜೆಯೇ ಯಾವ ಓಣಿ ಯಾರಿಗೆ ಹಾಕಿತು ಅಂತ ಅಂದಾಜು ಸಿಗುತ್ತದೆ. ಆಮೇಲೆ ಸೋತವರ ಓಣಿಗೆ ನಳದ ನೀರು ತಡವಾಗಿ ಬರುತ್ತದೆ. ಎರಡನೇ ಉತ್ತರ ನನ್ನನ್ನು ಹೆಚ್ಚು ಕಾಡಿದ್ದು: "ಗುಡಿಗೆ ಹಾಕಿದ ರೊಕ್ಕ ಕಣ್ಣಿಗೆ ಕಾಣ್ತದ. ಪಂಚಾಯ್ತಿ ರೊಕ್ಕ ಎಲ್ಲಿ ಹೋಗ್ತದೋ ಯಾರಿಗೆ ಗೊತ್ತು?" ಗೆದ್ದವನು ಹೇಗೂ ತಿನ್ನುತ್ತಾನೆ, ಅದರಲ್ಲಿ ಒಂದಿಷ್ಟು ಮೊದಲೇ ಊರಿಗೆ ಕಕ್ಕಿಸೋಣ ಅನ್ನುವ ಲೆಕ್ಕಾಚಾರ ಇದು. ದುಡ್ಡು ತಿಂದವನನ್ನು ಮತದಿಂದ ಕೆಳಗಿಳಿಸಬಹುದು ಅನ್ನುವ ಭರವಸೆ ಹೋದ ಮೇಲೆ ಹುಟ್ಟಿದ ಜಾಣತನ.

ಊರಿನ ಒಗ್ಗಟ್ಟು ಅಂದಾಕ್ಷಣ ಒಳ್ಳೆಯದು ಅಂದುಕೊಳ್ಳುವುದರ ಅಪಾಯಕ್ಕೆ ತಮಿಳುನಾಡಿನ ಮಧುರೈ ಜಿಲ್ಲೆ ಸಾಕ್ಷಿ. ಪಾಪ್ಪಾಪಟ್ಟಿ, ಕೀರಿಪಟ್ಟಿ, ನಾಟ್ಟಾರ್ಮಂಗಲಂ ಪಂಚಾಯತಿಗಳ ಅಧ್ಯಕ್ಷ ಸ್ಥಾನ 1996ರಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಬಲಾಢ್ಯ ಜಾತಿಯವರು ಒಟ್ಟಾಗಿ ಚುನಾವಣೆಯನ್ನೇ ನಡೆಯಗೊಡಲಿಲ್ಲ. ಗೆದ್ದವರಿಂದ ಕೂಡಲೇ ರಾಜೀನಾಮೆ ಕೊಡಿಸಿದ್ದೂ ಇದೆ. ಸರಿಯಾಗಿ ಚುನಾವಣೆ ಆಗುವಷ್ಟರಲ್ಲಿ 2006 ಬಂದಿತ್ತು. ಹತ್ತು ವರ್ಷ! ಒಗ್ಗಟ್ಟಿಗೆ ಅಲ್ಲಿ ಕೊರತೆ ಇರಲಿಲ್ಲ. ಇಷ್ಟಾದರೂ ಗುಜರಾತಿನಂಥ ಕಡೆ ಅವಿರೋಧ ಆಯ್ಕೆಯಾದ ಪಂಚಾಯತಿಗೆ ಸರ್ಕಾರವೇ 'ಸಮರಸ' ಅಂತ ಅನುದಾನ ಕೊಡುತ್ತದೆ. ನಮ್ಮಲ್ಲೂ ಅಂಥದ್ದು ಬರಲಿ ಅನ್ನುವವರಿದ್ದಾರೆ. ದಯವಿಟ್ಟು ಆ ಸಲಹೆ ನಿಮ್ಮ ಮುಂದೆ ಬಂದರೆ ಅಲ್ಲೇ ತಡೆಯಿರಿ.

ಹರಾಜು ತಡೆಯಲು ಆಯೋಗಕ್ಕೆ ಕೈ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮಹಾರಾಷ್ಟ್ರದ ನಾಶಿಕ್ ಜಿಲ್ಲೆಯ ಉಮ್ರಾಣೆಯಲ್ಲಿ ಸರಪಂಚ ಸ್ಥಾನಕ್ಕೆ ಗುಡಿಯ ಹೆಸರಲ್ಲಿ ಕೂಗಿದ ಬೆಲೆ 2 ಕೋಟಿ ದಾಟಿತ್ತು. ನಂದುರಬಾರ್ ಜಿಲ್ಲೆಯ ಖೋಂಡಾಮಳಿಯಲ್ಲೂ ಅದೇ ಕಥೆ. 2021ರ ಜನವರಿಯಲ್ಲಿ ಅಲ್ಲಿನ ರಾಜ್ಯ ಚುನಾವಣಾ ಆಯೋಗ ಎರಡೂ ಕಡೆ ಚುನಾವಣೆಯನ್ನೇ ರದ್ದು ಮಾಡಿತು. ಪಂಚಾಯತಿ ಚುನಾವಣೆಯ ಮೇಲೆ ಸಂವಿಧಾನದ 243ಕೆ ವಿಧಿ ಅವರಿಗೆ ಕೊಟ್ಟ ಅಧಿಕಾರವನ್ನೇ ನಿಮಗೂ ಕೊಟ್ಟಿದೆ. ನಮ್ಮಲ್ಲಿ ಸಾಮಾನ್ಯವಾಗಿ ಆಗುವುದು ಪೊಲೀಸ್ ಕೇಸ್. ಚುನಾವಣಾ ಲಂಚ ಈಗ ಭಾರತೀಯ ನ್ಯಾಯ ಸಂಹಿತೆಯ 170 ಮತ್ತು 173ನೇ ಕಲಮಿಗೆ ಬರುತ್ತದೆ. ಆದರೆ ಊರೇ ಸಾಕ್ಷಿ ಹೇಳದಿದ್ದರೆ ಕೇಸ್ ನಿಲ್ಲುವುದಿಲ್ಲ. ಅಷ್ಟರಲ್ಲಿ ಸೀಟು ಹಿಡಿದವನು ಅಧ್ಯಕ್ಷನೂ ಆಗಿರುತ್ತಾನೆ.

ಹಾಗಾಗಿ ಘೋಷಣೆಗೆ ಮುಂಚಿನ ಗಂಟೆಗಳ ಮೇಲೆ ನಿಮ್ಮ ಕಣ್ಣಿರಲಿ. ಮೇಜಿನ ಈಚೆ ಕೂತವರಿಗೆ ಕೆಲವು ಗುರುತು ತಾನಾಗಿ ಸಿಗುತ್ತವೆ. ವಾಪಸಾತಿ ಫಾರಂಗಳೆಲ್ಲಾ ಒಂದೇ ಕೈಬರಹದಲ್ಲಿರುತ್ತವೆ, ಕೊನೇ ಗಂಟೆಯಲ್ಲಿ ಒಟ್ಟಿಗೆ ಬರುತ್ತವೆ. ಬೇರೆ ಬೇರೆ ಸ್ಥಾನದ ಅಭ್ಯರ್ಥಿಗಳ ಜೊತೆ ಅದದೇ ಮುಖಗಳು ಬರುತ್ತವೆ. ಇಂಥ ಕಡೆ ಘೋಷಣೆಯನ್ನು ಒಂದು ದಿನ ತಡೆದು, ವಾಪಸ್ ತಗೊಂಡವರನ್ನು ತಾಲೂಕು ಕಚೇರಿಗೆ ಕರೆಸಿ, ಒಬ್ಬೊಬ್ಬರನ್ನೇ ಮಾತಾಡಿಸುವಂತೆ ನೀವು ಆದೇಶ ಮಾಡಬಹುದು. ಹೆಣ್ಣುಮಕ್ಕಳನ್ನು ಮಹಿಳಾ ಅಧಿಕಾರಿ ಮಾತಾಡಿಸಲಿ. ನಿಯಮ ಅಡ್ಡ ಬಂದರೆ ತಿದ್ದುಪಡಿಗೆ ಸರ್ಕಾರಕ್ಕೆ ಬರೆಯಿರಿ. ಜಾಣ ಊರುಗಳು ನಾಮಪತ್ರಕ್ಕೆ ಮುಂಚೆಯೇ ಸವಾಲು ಮುಗಿಸಿರುತ್ತವೆ. ಅಲ್ಲಿ ವಾಪಸಾತಿಯೇ ಇರುವುದಿಲ್ಲ, ಪ್ರತಿ ಸ್ಥಾನಕ್ಕೂ ಒಂದೊಂದೇ ನಾಮಪತ್ರ. ನಿಜವಾದ ಒಮ್ಮತವೂ ಹೊರಗಿನಿಂದ ಹಾಗೇ ಕಾಣುತ್ತದೆ, ಅದಕ್ಕೇ ಬರೀ ಅನುಮಾನದ ಮೇಲೆ ರದ್ದು ಮಾಡಿ ಅಂತ ಕೇಳುತ್ತಿಲ್ಲ. ಅಲ್ಲಿ ಗುಡಿ ಕಮಿಟಿಯ ಜಮಾ-ಖರ್ಚು ನೋಡಬೇಕು. ಚುನಾವಣೆಯ ತಿಂಗಳಲ್ಲಿ ದೊಡ್ಡ ದೇಣಿಗೆ ಬಂದಿದ್ದರೆ ಕೊಟ್ಟವರು ಯಾರು ಅಂತ ಕೇಳಲು ಪೊಲೀಸರೇ ಬೇಕಾಗಿಲ್ಲ.

ಇನ್ನೊಂದು ಕೆಲಸಕ್ಕೆ ದುಡ್ಡೂ ಬೇಡ, ಕಾನೂನೂ ಬೇಡ. ಅವಿರೋಧವಾದ ಪ್ರತಿ ಸ್ಥಾನದ ಪಟ್ಟಿಯನ್ನು ವಾರ್ಡ್ ಸಮೇತ ಪ್ರಕಟಿಸಿ: ಮೀಸಲಾತಿ ಯಾವುದು, ನಾಮಪತ್ರ ಎಷ್ಟು ಬಂದವು, ಎಷ್ಟು ವಾಪಸ್ ಹೋದವು. ಯಾವ ತಾಲೂಕಿನಲ್ಲಿ ಮೀಸಲು ಸ್ಥಾನಗಳೇ ಜಾಸ್ತಿ ಅವಿರೋಧ ಆಗುತ್ತಿವೆ ಅಂತ ಆಗ ಎಲ್ಲರಿಗೂ ಕಾಣುತ್ತದೆ. ಫಲಿತಾಂಶ ಬಂದ 30 ದಿನದೊಳಗೆ ಆ ಕ್ಷೇತ್ರದ ಯಾವ ಮತದಾರರೂ ಕೋರ್ಟಿಗೆ ತಕರಾರು ಅರ್ಜಿ ಹಾಕಬಹುದು. ಈ ಮಾತು ಹಳ್ಳಿಯಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಅವಿರೋಧ ಆಯ್ಕೆಯ ನೋಟಿಸಿನ ಕೆಳಗೆ ಇದನ್ನೂ ಎರಡು ಸಾಲಿನಲ್ಲಿ ಅಚ್ಚು ಮಾಡಿಸಿ, ಪಂಚಾಯತಿ ಕಟ್ಟಡದ ಜೊತೆಗೆ ಕೇರಿಯ ಅಂಗನವಾಡಿ ಗೋಡೆಗೂ ಅಂಟಿಸಲು ಹೇಳಿ.

ಇಂತಿ,
ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯ
ಗದಗ ಜಿಲ್ಲೆ